ಪದ ಪರಿಚಯ: ರಿಕ್ರೂಟರ್ ಮೆಸೇಜಿನಲ್ಲಿ ‘ಟೆಕ್ ಸ್ಟ್ಯಾಕ್’

ಟೆಕ್ ಸ್ಟ್ಯಾಕ್ ಅಂದರೆ ಒಂದು ಸಾಫ್ಟ್‌ವೇರ್ ಕಟ್ಟೋಕೆ ಬಳಸಿದ ಭಾಷೆ, ಫ್ರೇಮ್‌ವರ್ಕ್, ಡೇಟಾಬೇಸ್, ಸರ್ವರ್ ಎಲ್ಲ ಸೇರಿ. ಒಂದರ ಮೇಲೊಂದು ಪೇರಿಸಿದ ಹಾಗೆ ಕೂತಿರುತ್ತವೆ, ಅದಕ್ಕೇ ಸ್ಟ್ಯಾಕ್. ಆದರೆ ರಿಕ್ರೂಟರ್ ಮೆಸೇಜಿನಲ್ಲಿ ಈ ಪದ ಬಂದಾಗ ನಾವು ಇಂಜಿನಿಯರ್‌ಗಳು ಹುಡುಕುವುದು ಬೇರೆಯದೇ: ಅಲ್ಲಿ ನಿಜವಾಗಿ ಮಾಡಬೇಕಾದ ಕೆಲಸ ಏನು ಅನ್ನುವುದು.

‘ನಿಮ್ಮ ಪ್ರೊಫೈಲ್ ನೋಡಿ ತುಂಬಾ ಇಂಪ್ರೆಸ್ ಆದೆ’ ಅನ್ನುವ ಸಾಲನ್ನು ಯಾರಿಗೆ ಬೇಕಾದರೂ ಕಳಿಸಬಹುದು, ಹೆಸರು ಬದಲಾಯಿಸಿದರೆ ಸಾಕು. ‘ಜಾವಾ, ಸ್ಪ್ರಿಂಗ್ ಬೂಟ್, ಕಾಫ್ಕಾ’ ಅಂತ ಬರೆದರೂ ಅಷ್ಟೇ, ಎಷ್ಟೋ ಸಲ ಅದು ನಮ್ಮ ಪ್ರೊಫೈಲಿನಲ್ಲಿ ಇದ್ದದ್ದನ್ನೇ ನಮಗೆ ವಾಪಸ್ ಓದಿ ಹೇಳಿದ ಹಾಗೆ.

ಈಗ ಇದನ್ನು ಓದಿ:

‘ನಮ್ಮ ಪೇಮೆಂಟ್ ಸಿಸ್ಟಮ್ ಜಾಂಗೋದಲ್ಲಿದೆ, ಡೇಟಾಬೇಸ್ ಪೋಸ್ಟ್‌ಗ್ರೆಸ್ 12. ಅದನ್ನು 16ಕ್ಕೆ ತರಬೇಕು, ಐದು ನಿಮಿಷಕ್ಕಿಂತ ಜಾಸ್ತಿ ನಿಲ್ಲಿಸುವ ಹಾಗಿಲ್ಲ. ಲಾಜಿಕಲ್ ರೆಪ್ಲಿಕೇಶನ್‌ನಲ್ಲಿ ಮಾಡೋಣ ಅಂತಿದ್ದೇವೆ. ಮೊದಲ ಆರು ತಿಂಗಳು ನಿಮಗೆ ಇದೇ ಕೆಲಸ.’

ಇದರಲ್ಲಿ ಹೊಗಳಿಕೆ ಒಂದಕ್ಷರ ಇಲ್ಲ, ಆದರೂ ಪೋಸ್ಟ್‌ಗ್ರೆಸ್ ಮೇಲೆ ಕೆಲಸ ಮಾಡಿದವರು ಇದನ್ನು ಎರಡನೇ ಸಲ ಓದುತ್ತಾರೆ. 12ನೇ ಆವೃತ್ತಿಗೆ 2024ರ ನವೆಂಬರ್‌ನಲ್ಲೇ ಬೆಂಬಲ ನಿಂತಿದೆ, ಹಾಗಾಗಿ ಕೆಲಸ ನಿಜವಾಗಿಯೂ ಇದೆ ಅಂತ ಗೊತ್ತಾಗುತ್ತೆ. ಲಾಜಿಕಲ್ ರೆಪ್ಲಿಕೇಶನ್ ಅಂದ ತಕ್ಷಣ ಅದರ ತೊಡಕೂ ನೆನಪಾಗುತ್ತೆ: ಇಲ್ಲಿ ಹಳೆಯ ಡೇಟಾಬೇಸ್ ನಡೆಯುತ್ತಿರುವಾಗಲೇ ಟೇಬಲ್‌ನ ಸಾಲುಗಳು ಹೊಸ ಡೇಟಾಬೇಸಿಗೆ ಹೋಗುತ್ತವೆ, ಆದರೆ ಐಡಿ ಕೊಡುವ ಸೀಕ್ವೆನ್ಸ್ ಎಲ್ಲಿಗೆ ಬಂದಿತ್ತು ಅನ್ನುವುದು ಹೋಗುವುದಿಲ್ಲ. ಮರೆತು ಹಾಗೇ ಶುರು ಮಾಡಿದರೆ ಹೊಸ ಪೇಮೆಂಟ್‌ಗೆ ಆಗಲೇ ಇರುವ ನಂಬರ್ ಸಿಕ್ಕಿ, ಈ ಎರರ್ ಬರುತ್ತೆ:

```
duplicate key value violates unique constraint
```

ಇದನ್ನು ಒಮ್ಮೆ ಕಂಡವರು ‘ಸೀಕ್ವೆನ್ಸ್ ಯಾವಾಗ ಸೆಟ್ ಮಾಡ್ತೀರಿ?’ ಅಂತ ಕೇಳಿಯೇ ಕೇಳುತ್ತಾರೆ, ಅಲ್ಲಿಗೆ ಮಾತುಕತೆ ಶುರುವಾಯಿತು ಅಂತಲೇ ಅರ್ಥ. ಆ ಕೆಲಸ ಇಷ್ಟವಿಲ್ಲದವರು ಬೇಡ ಅಂತಾರೆ, ಅದೂ ಒಳ್ಳೆಯದೇ, ಇಂಟರ್‌ವ್ಯೂಗೆ ಹೋಗುವ ಎರಡು ವಾರ ಇಬ್ಬರಿಗೂ ಉಳಿಯುತ್ತೆ.

ಇಂಥ ವಿವರ ಜಾಬ್ ಡಿಸ್ಕ್ರಿಪ್ಶನ್‌ನಲ್ಲಿ ಸಿಗುವುದು ಕಡಿಮೆ. ರಿಕ್ರೂಟರ್ ಹೋಗಿ ಟೀಮಿನ ಮ್ಯಾನೇಜರ್ ಹತ್ತಿರ ‘ಬಂದವರು ಮೊದಲು ಏನು ಮಾಡಬೇಕು, ಈಗ ಅದು ಯಾಕೆ ಆಗ್ತಿಲ್ಲ?’ ಅಂತ ಕೇಳಬೇಕು. ಕಂಪನಿ ಹೆಸರು ಈಗಲೇ ಹೇಳುವ ಹಾಗಿಲ್ಲದಿದ್ದರೂ ಇಷ್ಟನ್ನು ಬರೆಯಬಹುದು.

ವಿವರ ಸುಳ್ಳಾದರೆ ಮಾತ್ರ ಹೊಗಳಿಕೆಗಿಂತ ಕಷ್ಟ. ನನಗೆ ಒಮ್ಮೆ ಡೇಟಾಬೇಸ್ ಮೈಗ್ರೇಶನ್ ಅಂತ ಬರೆದಿದ್ದರು, ಮೂರನೇ ರೌಂಡಿನಲ್ಲಿ ನೋಡಿದರೆ ಮೈಗ್ರೇಶನ್ ಮುಗಿದು ವರ್ಷವಾಗಿತ್ತು, ಅವರಿಗೆ ಬೇಕಿದ್ದದ್ದು ರಿಪೋರ್ಟ್ ಮಾಡುವವರು. ಅವತ್ತಿನಿಂದ ಮೆಸೇಜಿಗೆ ಉತ್ತರ ಬರೆಯುವಾಗಲೇ ಕೇಳುತ್ತೇನೆ: ಇದನ್ನು ನಿಮಗೆ ಹೇಳಿದ್ದು ಟೀಮಿನವರಾ, ಯಾವಾಗ?