ಸಾಲು ನಿಮ್ಮ ಬಾಯಲ್ಲಿ ಬರಲಿ

ಶಿವಮೊಗ್ಗ ಕಡೆಯ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಕಳೆದ ವರ್ಷ ಫೋನು ಮಾಡಿದ್ದರು. ಹಳೆಯ ಚಿತ್ರಗೀತೆಯ ಒಂದು ಸಾಲು ಎತ್ತಿಕೊಂಡು ಅದರಲ್ಲಿರುವ ಅಪರೂಪದ ಪದವನ್ನು ಐವತ್ತು ಸೆಕೆಂಡಿನಲ್ಲಿ ಬಿಡಿಸಿ ಹೇಳುವುದು ಅವರ ಯೂಟ್ಯೂಬ್ ವಾಹಿನಿಯ ಕೆಲಸ. ಒಂದು ವಿಡಿಯೊದಲ್ಲಿ ಹನ್ನೊಂದು ಸೆಕೆಂಡು ಮೂಲ ಹಾಡನ್ನೇ ಹಾಕಿದ್ದರು. ಅಪ್‌ಲೋಡ್ ಮುಗಿಯುವುದರೊಳಗೆ ಕ್ಲೇಮ್, ಅಂದರೆ ‘ಇದರ ಹಕ್ಕು ನಮ್ಮದು’ ಎಂಬ ಹಕ್ಕುದಾರರ ತಕರಾರು, ಬಂದಿತ್ತು.

‘ಹತ್ತು ಸೆಕೆಂಡಿನೊಳಗೆ ಇದ್ದರೆ ಪರವಾಗಿಲ್ಲ ಎನ್ನುತ್ತಾರಲ್ಲ ಸಾರ್? ಆರು ಸೆಕೆಂಡಿಗೆ ಇಳಿಸಿದೆ, ಮತ್ತೆ ಬಂತು. ಹಾಡು ತೆಗೆದು ಮಗಳ ಕೈಲಿ ಹಾರ್ಮೋನಿಯಂ ನುಡಿಸಿದೆ, ಆಗಲೂ ಬಂತು.’

ಹತ್ತು ಸೆಕೆಂಡಿನ ನಿಯಮ ಎಂಬುದು ಯಾವ ಕಾನೂನಿನಲ್ಲಿಯೂ ಇಲ್ಲ. ಏಳು, ಹದಿನೈದು, ಮೂವತ್ತು ಎಂದು ಬೇರೆ ಬೇರೆ ಅಂಕಿಗಳನ್ನು ಕಕ್ಷಿದಾರರ ಬಾಯಲ್ಲಿ ಕೇಳಿದ್ದೇನೆ. ಎಲ್ಲವೂ ಹರಟೆಯಲ್ಲಿ ಹುಟ್ಟಿದವು. ‘ಉಲ್ಲಂಘನೆಯ ಉದ್ದೇಶವಿಲ್ಲ, ಕೃಪೆ ಇಂಥವರು’ ಎಂದು ವಿವರಣೆಯಲ್ಲಿ ಬರೆಯುವುದೂ ಅಷ್ಟೇ. ಕ್ಲೇಮ್ ಹಾಕುವುದು ಕಂಟೆಂಟ್ ಐಡಿ ಎಂಬ ಯೂಟ್ಯೂಬ್‌ನ ಸ್ವಯಂಚಾಲಿತ ವ್ಯವಸ್ಥೆ, ಮತ್ತು ಅದು ವಿವರಣೆಯನ್ನು ಓದುವುದಿಲ್ಲ. ಹಕ್ಕುದಾರರು ಮೊದಲೇ ಕೊಟ್ಟಿರುವ ಹಾಡು ಮತ್ತು ದೃಶ್ಯಗಳ ಗುರುತಿನೊಂದಿಗೆ ನಿಮ್ಮ ವಿಡಿಯೊವನ್ನು ಹೋಲಿಸಿ ನೋಡುತ್ತದೆ. ಕೆಲವೇ ಸೆಕೆಂಡು ಹೋಲಿದರೂ ಅದಕ್ಕೆ ಸಾಕಾಗಬಹುದು. ವೇಗ ಹೆಚ್ಚಿಸುವುದು, ಶ್ರುತಿ ಏರಿಸುವುದು, ದೃಶ್ಯವನ್ನು ಎಡಬಲ ತಿರುಗಿಸುವುದು ಇವೆಲ್ಲ ಸಿಕ್ಕಿಬಿದ್ದ ಮೇಲೆ ನಿಮ್ಮ ವಿರುದ್ಧವೇ ಸಾಕ್ಷಿಯಾಗುತ್ತವೆ, ಏಕೆಂದರೆ ಗೊತ್ತಿದ್ದೇ ಮರೆಮಾಚಿದ್ದೀರಿ ಎಂದು ಅವು ತೋರಿಸುತ್ತವೆ.

ಹಾರ್ಮೋನಿಯಂಗೆ ಏಕೆ ಕ್ಲೇಮ್ ಬಂತು ಎಂಬುದು ಮೇಷ್ಟ್ರಿಗೆ ಬಿಡಿಸಲಾಗದ ಒಗಟಾಗಿತ್ತು. ಚಿತ್ರಗೀತೆ ಎಂದರೆ ಕಾನೂನಿನ ಕಣ್ಣಿಗೆ ಒಂದೇ ವಸ್ತುವಲ್ಲ. ಸಾಹಿತ್ಯ ಒಂದು ಕೃತಿ, ರಾಗಸಂಯೋಜನೆ ಇನ್ನೊಂದು, ಗಾಯಕರ ದನಿಯೊಂದಿಗೆ ಮುದ್ರಿತವಾದ ಹಾಡು ಮೂರನೆಯದು. ಪರದೆಯ ಮೇಲೆ ಅದು ಓಡಿದರೆ ಚಲನಚಿತ್ರ ನಾಲ್ಕನೆಯದು. ಮಗಳು ನುಡಿಸಿದಾಗ ಮೂಲ ಮುದ್ರಣ ಹೋಯಿತು ನಿಜ, ರಾಗ ಉಳಿದುಕೊಂಡಿತು. ಕಂಟೆಂಟ್ ಐಡಿ ರಾಗದ ಏರಿಳಿತವನ್ನೂ ಹೋಲಿಸುತ್ತದೆ. ಗುನುಗಿದರೂ ಅಪಾಯವಿದೆ.

ನಾನು ಹೇಳಿದ್ದು ಒಂದೇ ಮಾತು: ‘ಮೇಷ್ಟ್ರೇ, ಹಾಡಬೇಡಿ, ಓದಿ.’ ತರಗತಿಯಲ್ಲಿ ಪದ್ಯ ಓದುವಂತೆ ಎರಡು ಸಾಲನ್ನು ರಾಗವಿಲ್ಲದೆ ಓದಿದರು, ಪದವನ್ನು ಪರದೆಯ ಮೇಲೆ ದೊಡ್ಡದಾಗಿ ಬರೆದರು, ಹಿನ್ನೆಲೆಯಲ್ಲಿ ಏನೂ ಇಡಲಿಲ್ಲ. ಕ್ಲೇಮ್ ಬರಲಿಲ್ಲ.

ಸಂಭಾಷಣೆಯದು ಇದೇ ಕಥೆ, ಸ್ವಲ್ಪ ಹೆಚ್ಚು ಜಟಿಲ. ಜನ ನಾಯಕನ ನಾಲ್ಕು ಸೆಕೆಂಡಿನ ಮಾತನ್ನು ಕತ್ತರಿಸಿ ಹಾಕಿ, ಹಾಡೇ ಇಲ್ಲವಲ್ಲ ಎಂದುಕೊಳ್ಳುತ್ತಾರೆ. ಆದರೆ ಆ ಮಾತಿನ ಕೆಳಗೆ ಹಿನ್ನೆಲೆ ಸಂಗೀತ ಹರಿಯುತ್ತಿರುತ್ತದೆ, ಅದರ ಹಕ್ಕು ಸಂಗೀತ ಕಂಪನಿಯದಾಗಿರಬಹುದು. ದೃಶ್ಯದ ಹಕ್ಕು ನಿರ್ಮಾಪಕರದೋ, ಅವರಿಂದ ಡಿಜಿಟಲ್ ಹಕ್ಕು ಕೊಂಡವರದೋ ಆಗಿರುತ್ತದೆ. ಹೀಗೆ ಒಂದು ತುಣುಕಿಗೆ ಎರಡು ಕಡೆಯಿಂದ ಕ್ಲೇಮ್ ಬರುವುದುಂಟು. ಶಬ್ದ ತೆಗೆದರೂ ದೃಶ್ಯ ಹಿಡಿಸಿಕೊಡುತ್ತದೆ. ಅದೇ ಮಾತನ್ನು ನೀವೇ ಕ್ಯಾಮೆರಾ ಮುಂದೆ ಆಡಿ ತೋರಿಸಿದರೆ ಹೋಲಿಸಲು ಯಂತ್ರಕ್ಕೆ ಮೂಲ ದನಿ ಸಿಗುವುದಿಲ್ಲ.

ಯಂತ್ರದಿಂದ ತಪ್ಪಿಸಿಕೊಂಡ ಮಾತ್ರಕ್ಕೆ ಕಾನೂನಿನಿಂದ ತಪ್ಪಿಸಿಕೊಂಡಂತಲ್ಲ. ಇಡೀ ಗೀತೆಯನ್ನು ಓದಿದರೆ ಗೀತರಚನೆಕಾರರ ಹಕ್ಕಿಗೆ ಕೈಹಾಕಿದಂತೆಯೇ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ವಿಮರ್ಶೆಗಾಗಿ ಮತ್ತು ಪ್ರಚಲಿತ ವಿದ್ಯಮಾನಗಳ ವರದಿಗಾಗಿ ಕೃತಿಯನ್ನು ನ್ಯಾಯಯುತವಾಗಿ ಬಳಸಿಕೊಳ್ಳಲು ಅವಕಾಶ ಕೊಡುತ್ತದೆ. ಇಲ್ಲಿ ಸೆಕೆಂಡಿನ ಲೆಕ್ಕವಿಲ್ಲ. ಸಾಲನ್ನು ಏಕೆ ತಂದಿರಿ, ನಿಮ್ಮ ಮಾತಿಗೆ ಬೇಕಾದಷ್ಟನ್ನೇ ತಂದಿರಾ, ಮೂಲ ಕೃತಿಯ ಬದಲಿಗೆ ಜನ ಇದನ್ನೇ ನೋಡಿ ತೃಪ್ತರಾಗುತ್ತಾರೆಯೇ ಎಂಬುದು ಪ್ರಶ್ನೆ. ಮೇಷ್ಟ್ರ ಎರಡು ಸಾಲು ಅವರ ಪದವಿವರಣೆಗೆ ಬೇಕೇ ಬೇಕು. ಸೂರ್ಯಾಸ್ತದ ಚಿತ್ರಕ್ಕೆ ಅಲಂಕಾರವಾಗಿ ಹಾಕಿದ ಅದೇ ಎರಡು ಸಾಲಿಗೆ ಈ ರಕ್ಷಣೆ ಹೇಳಿಕೊಳ್ಳುವುದು ಕಷ್ಟ.

ತೀರಾ ಅಲ್ಪ ಬಳಕೆಯನ್ನು ನ್ಯಾಯಾಲಯ ಬದಿಗಿಡಬಹುದು ಎಂಬ ತತ್ವವೂ ಇದೆ. ಗಾಯಕಿಯೊಬ್ಬರು ಟಿವಿ ಸಂದರ್ಶನದಲ್ಲಿ ತಾವು ಹಾಡಿದ್ದ ಗೀತೆಗಳ ಸಾಲುಗಳನ್ನು ಹಾಡಿ ತೋರಿಸಿದ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2012ರಲ್ಲಿ ಹೀಗೆಯೇ ಹೇಳಿತು. ಆದರೆ ಅದು ವರ್ಷಗಟ್ಟಲೆ ನಡೆದ ವ್ಯಾಜ್ಯದ ಕೊನೆಯಲ್ಲಿ ಸಿಕ್ಕ ಮಾತು. ಅಷ್ಟು ಹೊತ್ತು ಕಾಯುವ ತಾಳ್ಮೆ ಐವತ್ತು ಸೆಕೆಂಡಿನ ವಿಡಿಯೊಗೆ ಯಾರಿಗಿದೆ?

‘ಇದು ಅರವತ್ತು ವರ್ಷ ದಾಟಿದ ಹಾಡು, ಅಂದರೆ ಸಾರ್ವಜನಿಕ ಸ್ವತ್ತಲ್ಲವೇ?’ ಎಂದೂ ಮೇಷ್ಟ್ರು ಕೇಳಿದರು. ಅರ್ಧ ಸರಿ. 1964ರ ಚಿತ್ರ ಮತ್ತು ಆ ವರ್ಷವೇ ಹೊರಬಂದ ಮುದ್ರಣದ ಅವಧಿ 2024ರ ಕೊನೆಗೆ ಮುಗಿದಿದೆ. ಸಾಹಿತ್ಯ ಮತ್ತು ರಾಗದ ಅರವತ್ತು ವರ್ಷಗಳನ್ನು ಮಾತ್ರ ಕರ್ತೃ ತೀರಿಕೊಂಡ ನಂತರದ ವರ್ಷದಿಂದ ಎಣಿಸಬೇಕು. ಕವಿ 1990ರಲ್ಲಿ ತೀರಿಕೊಂಡಿದ್ದರೆ ಸಾಹಿತ್ಯದ ಹಕ್ಕು 2050ರವರೆಗೆ ಜೀವಂತ.

ಪ್ರಕಟಿಸುವ ಮುನ್ನ ಯೂಟ್ಯೂಬ್ ಸ್ಟುಡಿಯೊದ Checks ಹಂತವನ್ನು ಪೂರ್ತಿ ಮುಗಿಯಲು ಬಿಡಿ. ಕ್ಲೇಮ್ ಇದ್ದರೆ ಯಾವ ಸೆಕೆಂಡಿನಿಂದ ಯಾವ ಸೆಕೆಂಡಿಗೆ, ಯಾರದು, ಪರಿಣಾಮವೇನು ಎಂಬುದೆಲ್ಲ ತೋರುತ್ತದೆ. ಜಾಹೀರಾತಿನ ಹಣ ಅವರಿಗೆ ಹೋಗುವುದೋ, ವಿಡಿಯೊ ತಡೆಯಾಗುವುದೋ ಎಂಬುದು ಹಕ್ಕುದಾರರ ಆಯ್ಕೆ. ಇದು ವಾಹಿನಿಯ ಮೇಲೆಯೇ ಬೀಳುವ ದಂಡನೆಯಾದ ಸ್ಟ್ರೈಕ್ ಅಲ್ಲ, ಗಾಬರಿಯಾಗಬೇಕಿಲ್ಲ. ಆ ಭಾಗವನ್ನು ಕತ್ತರಿಸಿ ಹೊಸದಾಗಿ ಹಾಕುವುದೇ ಸುಲಭ ದಾರಿ.

ನಿಮ್ಮ ಬಳಕೆ ವಿಮರ್ಶೆಯೇ ಎಂದು ಖಚಿತವಿದ್ದರೆ ಆಕ್ಷೇಪ ಸಲ್ಲಿಸಬಹುದು. ಉತ್ತರಿಸಲು ಅವರಿಗೆ 30 ದಿನ. ಸುಮ್ಮನಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ಅವರು ಒಪ್ಪದಿದ್ದರೆ ನೀವು ಮೇಲ್ಮನವಿ ಹಾಕಬಹುದು. ಎಚ್ಚರ ಬೇಕಾದದ್ದು ಇಲ್ಲಿ. ಮೇಲ್ಮನವಿಯನ್ನೂ ತಿರಸ್ಕರಿಸಿ ಅವರು ವಿಡಿಯೊ ತೆಗೆಸಿದರೆ ನಿಮಗೆ ಸ್ಟ್ರೈಕ್ ಬೀಳುತ್ತದೆ, 90 ದಿನಗಳಲ್ಲಿ ಮೂರು ಬಿದ್ದರೆ ವಾಹಿನಿಯೇ ಹೋಗಬಹುದು. ಆದ್ದರಿಂದ ಸಿಟ್ಟಿನಲ್ಲಿ ಮೇಲ್ಮನವಿಯ ಗುಂಡಿ ಒತ್ತಬೇಡಿ. ‘ಹತ್ತು ಸೆಕೆಂಡು ಮಾತ್ರ ಬಳಸಿದ್ದೇನೆ’ ಎಂಬ ಕಾರಣ ಬರೆಯಲೂಬೇಡಿ. ಯಾವ ಪದದ ಬಗ್ಗೆ, ಎಷ್ಟನೆಯ ಸೆಕೆಂಡಿನಲ್ಲಿ, ಏನು ವಿವರಿಸಿದ್ದೀರಿ ಎಂದು ಬರೆಯಿರಿ.

ಹಾಡೇ ಬೇಕೆನ್ನುವವರಿಗೆ ಶಾರ್ಟ್ಸ್‌ನಲ್ಲಿ, ಇನ್‌ಸ್ಟಾಗ್ರಾಂನಲ್ಲಿ ಸಂಗೀತ ಸಂಗ್ರಹವಿದೆ, ಅಲ್ಲಿಂದಲೇ ಆರಿಸಿಕೊಳ್ಳಿ. ಆ ಅನುಮತಿ ಆ ವೇದಿಕೆಗೆ ಮಾತ್ರ. ಒಂದೆಡೆ ಮಾಡಿದ್ದನ್ನು ಇಳಿಸಿಕೊಂಡು ಇನ್ನೊಂದೆಡೆ ಹಾಕಿದರೆ ಅನುಮತಿ ಜೊತೆಗೆ ಬರುವುದಿಲ್ಲ. ವ್ಯಾಪಾರದ ಪ್ರಚಾರಕ್ಕೂ ಅದು ಅನ್ವಯಿಸುತ್ತದೆಂದು ನಂಬಬೇಡಿ.

ಮೇಷ್ಟ್ರ ವಾಹಿನಿ ಸ್ವಲ್ಪ ಹೆಸರು ಮಾಡಿದ ಮೇಲೆ ಸೀರೆ ಅಂಗಡಿಯೊಂದು ಅವರನ್ನು ಹುಡುಕಿಕೊಂಡು ಬಂತು. ಪ್ರಸಿದ್ಧ ಗೀತೆಯಲ್ಲಿ ಸೆರಗಿನ ಪ್ರಸ್ತಾಪವಿರುವ ಸಾಲನ್ನು ವಿವರಿಸಿ, ಕೊನೆಯಲ್ಲಿ ಅಂಗಡಿಯ ಹೆಸರು ಹೇಳಬೇಕಂತೆ. ‘ಓದುತ್ತೇನಷ್ಟೇ, ಹಾಡುವುದಿಲ್ಲ, ಆಗುತ್ತದೆಯೇ?’ ಎಂದು ಕೇಳಿದರು. ಆಗುವುದಿಲ್ಲ ಎಂದೆ. ಹಣ ಪಡೆದು ಮಾಡುವ ಜಾಹೀರಾತನ್ನು ವಿಮರ್ಶೆ ಎಂದು ವಾದಿಸುವ ಧೈರ್ಯ ನನಗಿಲ್ಲ, ಸಾಹಿತ್ಯದ ಹಕ್ಕುದಾರರ ಪರವಾನಗಿ ಬರಹದಲ್ಲಿ ಬೇಕು. ಅಂಗಡಿಯವರು ಪರವಾನಗಿಯ ಗೋಜಿಗೆ ಹೋಗಲಿಲ್ಲ. ಕೊನೆಗೆ ಸೆರಗಿನ ಮೇಲೆ ಮೇಷ್ಟ್ರೇ ಎರಡು ಸಾಲು ಬರೆದುಕೊಟ್ಟರು. ಅದಕ್ಕೊಂದು ಕರಾರುಪತ್ರ ಮಾಡಿಕೊಡಿ ಎಂದು ಮರುವಾರ ನನಗೇ ಫೋನು ಬಂತು.