ಶಿಂಗಲ್ಸ್ ಹಗುರವೇ, ಆದರೆ ಅದರಡಿಯ ಪ್ಲೈವುಡ್?

ಕಡಿಮೆ ಖರ್ಚಿನ ಮನೆಯ ಮಾಡಿಗೆ ಸಿಮೆಂಟ್ ಶೀಟಿಗಿಂತ ಶಿಂಗಲ್ಸ್, ಅಂದರೆ ಹರಳು ಹೊದಿಸಿದ ಡಾಂಬರಿನ ಪಟ್ಟಿಗಳು, ಹಗುರ ಎಂಬ ಮಾತಿದೆ. ಎರಡು ವರ್ಷದ ಹಿಂದೆ, ನವೆಂಬರಿನಲ್ಲಿ, ಮಡಿಕೇರಿ ಹತ್ತಿರದ ಗಾಳಿಬೀಡು ಕಡೆಯ ಒಂದು ಸಣ್ಣ ಮನೆಯ ಮಾಡು ನೋಡಲು ಹೋಗಿದ್ದೆ. ಕಟ್ಟಿ ಮೂರು ಮಳೆಗಾಲ ಕಳೆದಿತ್ತು. ರಸ್ತೆಯಲ್ಲಿ ನಿಂತು ನೋಡಿದರೆ ಕಡುಗೆಂಪು ಶಿಂಗಲ್ಸ್ ಹೊದ್ದ ಚೆಂದದ ಮಾಡು. ಏಣಿ ಹತ್ತಿ ಸೂರಿನ ದೋಣಿಯೊಳಗೆ ಕೈ ಹಾಕಿದರೆ ಮುಷ್ಟಿ ತುಂಬ ಕೆಂಪು ಹರಳು ಬಂತು. ಒಳಗಿನಿಂದ ಟಾರ್ಚ್ ಬಿಟ್ಟು ನೋಡಿದರೆ ಪೈಪುಗಳ ನಡುವೆ ಪ್ಲೈವುಡ್ ಜೋಲಿಯಂತೆ ಇಳಿದಿತ್ತು. ಸ್ಕ್ರೂಡ್ರೈವರ್ ಒತ್ತಿದ ಕಡೆ ನೆನೆದ ರಟ್ಟಿನ ಹಾಗೆ ಒಳಗೆ ಹೋಯಿತು.

"ಸಾರ್, ಹೋಂಸ್ಟೇಗಳಿಗೆಲ್ಲ ಇದನ್ನೇ ಹಾಕ್ತಾರಲ್ಲ, ನಮ್ಮದು ಮಾತ್ರ ಯಾಕೆ ಹೀಗಾಯ್ತು?" ಎಂದು ಮನೆಯವರು ಕೇಳಿದರು. ಹೋಂಸ್ಟೇಗಳಲ್ಲಿ ಸಾಮಾನ್ಯವಾಗಿ ಶಿಂಗಲ್ಸ್ ಅಡಿಯಲ್ಲಿ ಇಳಿಜಾರು ಕಾಂಕ್ರೀಟ್ ಸ್ಲ್ಯಾಬ್ ಇರುತ್ತದೆ. ಅಲ್ಲಿ ಭಾರ ಹೊರುವುದೂ ನೀರು ತಡೆಯುವುದೂ ಬಹುಪಾಲು ಸ್ಲ್ಯಾಬಿನ ಕೆಲಸ, ಶಿಂಗಲ್ಸ್ ಮೇಲಿನ ಹೊದಿಕೆ. ಕಡಿಮೆ ಖರ್ಚಿನ ಮನೆಗೆ ಸ್ಲ್ಯಾಬ್ ಇರುವುದಿಲ್ಲ. ಕಬ್ಬಿಣದ ಪೈಪಿನ ಮೇಲೆ ಪ್ಲೈವುಡ್, ಅದರ ಮೇಲೆ ಶಿಂಗಲ್ಸ್. ಹಾಗಾಗಿ ಶಿಂಗಲ್ಸನ್ನು ಸಿಮೆಂಟ್ ಶೀಟಿನ ಜೊತೆ ಹೋಲಿಸುವಾಗ ಪ್ಲೈವುಡ್ಡನ್ನೂ ಸೇರಿಸಿಕೊಂಡೇ ಹೋಲಿಸಬೇಕು.

ಆ ಮನೆಯ ಲೆಕ್ಕವನ್ನೇ ಹಿಡಿಯೋಣ. ಗೋಡೆಯ ಅಳತೆ 20 ಅಡಿಗೆ 24 ಅಡಿ, ಸುತ್ತಲೂ 2 ಅಡಿ ಸೂರು, ಇಳಿಜಾರು ಸುಮಾರು 25 ಡಿಗ್ರಿ. ಎರಡೂ ಮಗ್ಗುಲು ಸೇರಿ ಮಾಡಿನ ಮೈ 740 ಚದರ ಅಡಿ, ಅಂದರೆ 69 ಚದರ ಮೀಟರ್ ಆಸುಪಾಸು. ಸಾಧಾರಣ ಶಿಂಗಲ್ಸ್ ಚದರ ಮೀಟರಿಗೆ 11 ಕೆ.ಜಿ. ತೂಗುತ್ತದೆ. 6 ಮಿ.ಮೀ. ದಪ್ಪದ ಸಿಮೆಂಟ್ ಶೀಟು, ಒಂದರ ಮೇಲೊಂದು ಕೂರುವ ಭಾಗವನ್ನೂ ಸೇರಿಸಿದರೆ, ಸುಮಾರು 16 ಕೆ.ಜಿ. ಇಲ್ಲಿಗೇ ಲೆಕ್ಕ ನಿಲ್ಲಿಸಿದರೆ ಶಿಂಗಲ್ಸ್ ಹಗುರ. ಆದರೆ 12 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್ 8 ಕೆ.ಜಿ., ನಡುವಿನ ನೀರುತಡೆ ಹಾಳೆ ಇನ್ನೊಂದು ಕೆ.ಜಿ. ಎಲ್ಲ ಕೂಡಿದರೆ ಶಿಂಗಲ್ಸ್ ಮಾಡು 1,380 ಕೆ.ಜಿ., ಶೀಟಿನ ಮಾಡು 1,100 ಕೆ.ಜಿ.

ತೂಕದ ವ್ಯತ್ಯಾಸಕ್ಕಿಂತ ಅದರಡಿಯ ಕಬ್ಬಿಣದ ವ್ಯತ್ಯಾಸ ದೊಡ್ಡದು. ಶೀಟು ತನ್ನ ಅಲೆಯ ಆಕಾರದಿಂದಲೇ ಗಟ್ಟಿ, ಅಡ್ಡಪೈಪುಗಳು 1.4 ಮೀಟರ್ ಅಂತರದವರೆಗೆ ಇದ್ದರೂ ಹೊರುತ್ತದೆ. ಈ ಮನೆಯಲ್ಲಿ ಶೀಟಿನ ತುದಿಗಳು ಪೈಪಿನ ಮೇಲೇ ಬರುವಂತೆ ಹೊಂದಿಸಿದರೆ ಮಗ್ಗುಲಿಗೆ 5 ಸಾಲು ಸಾಕು. 12 ಮಿ.ಮೀ. ಪ್ಲೈವುಡ್ಡಿಗೆ 60 ಸೆಂ.ಮೀ.ಗೆ ಒಂದು ಆಧಾರ ಬೇಕು, ಮಗ್ಗುಲಿಗೆ 8 ಸಾಲಾಗುತ್ತದೆ. ಸಾಲೊಂದು 28 ಅಡಿ ಉದ್ದ. ಒಟ್ಟು 280 ಅಡಿ ಪೈಪು ಸಾಕಾಗುವಲ್ಲಿ 448 ಅಡಿ. ಜೊತೆಗೆ ಎಂಟಕ್ಕೆ ನಾಲ್ಕು ಅಡಿಯ 25 ಪ್ಲೈವುಡ್ ಹಲಗೆ, ಅದರ ಬೆಲೆಯೊಂದೇ ಶೀಟಿನ ಬೆಲೆಯನ್ನು ಮೀರುತ್ತದೆ. ಆ ಮನೆಯಲ್ಲಿ ಹಣ ಉಳಿಸಲೆಂದು 9 ಮಿ.ಮೀ. ಮಾಮೂಲಿ ಪ್ಲೈವುಡ್ ಹಾಕಿ, ಪೈಪನ್ನು 3 ಅಡಿಗೊಂದು ಕೂರಿಸಿದ್ದರು. ಜೋಲಿ ಇಳಿದದ್ದು ಅಲ್ಲೇ.

ಇನ್ನೊಂದು ತಪ್ಪು ಕಣ್ಣಿಗೆ ಕಾಣುವಂಥದ್ದಲ್ಲ. ಶಿಂಗಲ್ಸಿನ ಮೇಲೆ ಡಾಂಬರಿನ ಒಂದು ಅಂಟುಪಟ್ಟಿ ಇರುತ್ತದೆ. ಬಿಸಿಲಿನ ಕಾವಿಗೆ ಅದು ಮೆತ್ತಗಾಗಿ ಮೇಲಿನ ಸಾಲನ್ನು ಕೆಳಗಿನದಕ್ಕೆ ಹಿಡಿಸುತ್ತದೆ. ಗಾಳಿಗೆ ತುದಿ ಏಳದಂತೆ ಕಾಯುವುದು ಮೊಳೆಗಿಂತ ಹೆಚ್ಚಾಗಿ ಈ ಅಂಟು. ಅವರು ಕೆಲಸ ಮಾಡಿಸಿದ್ದು ಜೂನ್ ಮೊದಲ ವಾರ. ಅಂಟು ಹಿಡಿಯುವ ಮೊದಲೇ ಮಳೆ ಹಿಡಿಯಿತು, ಆಗಸ್ಟ್ ನಡುವಿಗೆ ಕಕ್ಕಡ ತಿಂಗಳು ಮುಗಿಯುವವರೆಗೆ ಸರಿಯಾದ ಬಿಸಿಲೇ ಬೀಳಲಿಲ್ಲ. ಅಷ್ಟರಲ್ಲಿ ತುದಿಗಳ ಕೆಳಗೆ ಧೂಳು, ಪಾಚಿ ಸೇರಿದವು. ಒಮ್ಮೆ ಕೊಳೆ ಕೂತ ಅಂಟು ಆಮೇಲೆ ಎಷ್ಟು ಬಿಸಿಲು ಬಂದರೂ ಹಿಡಿಯುವುದಿಲ್ಲ. ನಾನು ಬೆರಳ ತುದಿಯಿಂದ ಎತ್ತಿದಾಗ ಗಾಳಿ ಬಡಿಯುವ ಮಗ್ಗುಲಿನ ಒಂದೊಂದು ಪಟ್ಟಿಯೂ ಪುಸ್ತಕದ ಹಾಳೆಯಂತೆ ಎದ್ದಿತು. ನಿಮ್ಮ ಮಾಡು ಹೀಗಿದೆಯೇ ಎಂದು ತಿಳಿಯಲು ಇದೇ ಪರೀಕ್ಷೆ ಸಾಕು. ಶಿಂಗಲ್ಸ್ ಹಾಕಿಸಲೇಬೇಕೆಂದಿದ್ದರೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಸಿ, ಗಾಳಿ ಬಡಿಯುವ ಗುಡ್ಡದ ಮೇಲಾದರೆ ಪಟ್ಟಿಗೆ ನಾಲ್ಕರ ಬದಲು ಆರು ಮೊಳೆ ಹೊಡೆಸಿ.

ಬಾಳಿಕೆಯ ಮಾತೂ ಇದಕ್ಕೇ ಅಂಟಿಕೊಂಡಿದೆ. ಶಿಂಗಲ್ಸ್ ಕಟ್ಟಿನ ಮೇಲೆ 25, 30 ವರ್ಷ ಎಂದು ಬರೆದಿರುತ್ತದೆ. ಸ್ಲ್ಯಾಬಿನ ಮೇಲೆ ಅದರ ಹತ್ತಿರಕ್ಕೆ ಹೋಗಬಹುದು. ಪ್ಲೈವುಡ್ ಮೇಲಾದರೆ ಶಿಂಗಲ್ಸ್ ಸಾಯುವ ಮೊದಲೇ ಅಡಿಯ ಹಲಗೆ ಸಾಯುತ್ತದೆ. ಸೌದೆ ಒಲೆಯ ಹಬೆ, ಒಳಗೇ ಒಣಗಲು ಹಾಕಿದ ಬಟ್ಟೆಯ ತೇವ ಕೆಳಗಿನಿಂದ ಏರುತ್ತದೆ, ಪಾಚಿ ಮೇಲಿನಿಂದ ನೀರು ಹಿಡಿದಿಡುತ್ತದೆ, ಜೊತೆಗೆ ಗೆದ್ದಲು. ಮಡಿಕೇರಿ ಸುತ್ತ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆಯಲ್ಲಿ ಇಂಥ ಮಾಡಿಗೆ ನಾನು ಹತ್ತು ಹನ್ನೆರಡು ವರ್ಷಕ್ಕಿಂತ ಹೆಚ್ಚಿನ ಮಾತು ಕೊಡುವುದಿಲ್ಲ. ಮಳೆ ಬಹಳ ಕಡಿಮೆಯಿರುವ ಕುಶಾಲನಗರದ ಕಡೆ ಅಷ್ಟು ಕಟ್ಟುನಿಟ್ಟಾಗಿರಬೇಕಿಲ್ಲ. ಶೀಟಾದರೋ, ತೋಟಗಳ ಲೈನ್ ಮನೆಗಳ ಮೇಲೆ 30 ವರ್ಷ ದಾಟಿ ಕಪ್ಪಾಗಿ ಕೂತಿರುವುದನ್ನು ನೋಡುತ್ತಲೇ ಇದ್ದೇನೆ. ಅದಕ್ಕೆ ಮೃತ್ಯು ಮಳೆಯಿಂದಲ್ಲ, ಮರದ ಕೊಂಬೆಯಿಂದ. ಸಿಲ್ವರ್ ಓಕಿನ ಒಂದು ರೆಂಬೆ ಬಿದ್ದರೂ ಸೀಳುತ್ತದೆ. ಆದರೆ ಸೀಳಿದ ಒಂದು ಶೀಟನ್ನು ತೆಗೆದು ಇನ್ನೊಂದನ್ನು ಕೂರಿಸಬಹುದು.

ಶೀಟಿಗೆ ಇರುವ ದೊಡ್ಡ ಆಕ್ಷೇಪವನ್ನು ಮುಚ್ಚಿಡಬಾರದು. ನಮ್ಮಲ್ಲಿ ಸಿಮೆಂಟ್ ಶೀಟೆಂದು ಮಾರುವ ಬಹುಪಾಲಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ. ಅದರ ಧೂಳು ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ಕಲ್ನಾರಿಲ್ಲದ ಶೀಟೂ ಸಿಗುತ್ತದೆ, ಸ್ವಲ್ಪ ದುಬಾರಿ. ಅಂಗಡಿಯಲ್ಲಿ ಶೀಟಿನ ಮೇಲಿನ ಮುದ್ರೆ ನೋಡಿ: IS 459 ಎಂದಿದ್ದರೆ ಕಲ್ನಾರಿನದು, IS 14871 ಎಂದಿದ್ದರೆ ಬೇರೆ ನಾರಿನದು. ನಾನು ಎರಡನೆಯದನ್ನೇ ಬರೆದುಕೊಡುತ್ತೇನೆ. ಹಳೆಯ ಶೀಟನ್ನು ಗ್ರೈಂಡರ್ ಹಿಡಿದು ಕೊಯ್ಯುವುದನ್ನು ಕಂಡರೆ ಕೆಲಸ ನಿಲ್ಲಿಸುತ್ತೇನೆ. ನೀರು ಹಾಕಿ ನೆನೆಸಿ, ಬಿಚ್ಚಿ, ಇಡಿಯಾಗಿಯೇ ಇಳಿಸಬೇಕು. ಒಡೆದ ಚೂರನ್ನು ಒಣಗಿದ್ದಾಗ ಗುಡಿಸಬಾರದು.

ಗಾಳಿಬೀಡಿನ ಮನೆಗೆ ಆ ಜನವರಿಯಲ್ಲಿ ಶೀಟು ಹಾಕಿದೆವು. ನಮ್ಮ ಮಳೆ ಪಶ್ಚಿಮ, ನೈಋತ್ಯದಿಂದ ಬಡಿಯುತ್ತದೆ. ಹಾಗಾಗಿ ಪೂರ್ವದ ತುದಿಯಿಂದ ಶುರು ಮಾಡಿ ಪಶ್ಚಿಮಕ್ಕೆ ಹೊದಿಸುತ್ತ ಬಂದರೆ ಪಕ್ಕದ ಜೋಡಣೆಯ ಬಾಯಿ ಗಾಳಿಗೆ ಬೆನ್ನು ಹಾಕುತ್ತದೆ. ಮೇಲುಕೆಳಗಿನ ಜೋಡಣೆಗೆ 15 ಸೆಂ.ಮೀ. ರೂಢಿ, ಇಲ್ಲಿ 20 ಇಡಿಸಿದೆ. ತೂತನ್ನು ಅಲೆಯ ನೆತ್ತಿಯಲ್ಲೇ, ಡ್ರಿಲ್ಲಿನಿಂದಲೇ ಕೊರೆಯಬೇಕು. ಮೊಳೆ ಬಡಿದು ತೂತು ಮಾಡಿದರೆ ಅಡಿಯಲ್ಲಿ ಚಕ್ಕೆ ಏಳುತ್ತದೆ. 8 ಮಿ.ಮೀ. ಜೆ ಬೋಲ್ಟಿಗೆ 10 ಅಥವಾ 11 ಮಿ.ಮೀ. ತೂತು, ಮೇಲೆ ಡಾಂಬರಿನ ವಾಷರು, ಅದರ ಮೇಲೆ ಜಿ.ಐ. ವಾಷರು. ನಟ್ಟನ್ನು ವಾಷರು ಕೂತುಕೊಳ್ಳುವಷ್ಟೇ ಬಿಗಿಯಬೇಕು. ಬಲ ಹಾಕಿದರೆ ತೂತಿನಿಂದ ಕೂದಲೆಳೆಯಂಥ ಬಿರುಕು ಹೊರಡುತ್ತದೆ, ಅದು ಜುಲೈವರೆಗೆ ಗೊತ್ತಾಗುವುದಿಲ್ಲ.

ಜೂನಿನಲ್ಲಿ ಮೊದಲ ಜೋರು ಮಳೆಯ ಮಾರನೆಯ ದಿನ ಮತ್ತೆ ಹೋದೆ. ಒಂದೇ ಕಡೆ, ಅಡುಗೆಮನೆಯ ಮೇಲೆ, ನೀರಿನ ಗೆರೆ. ಹತ್ತಿ ನೋಡಿದರೆ ನಾಲ್ಕು ಶೀಟಿನ ಮೂಲೆಗಳು ಸೇರುವ ಜಾಗ. ಅಲ್ಲಿ ಎದುರುಬದುರಿನ ಎರಡು ಮೂಲೆಗಳನ್ನು ಓರೆಯಾಗಿ ಕತ್ತರಿಸಿ ತೆಗೆಯಬೇಕು, ಇಲ್ಲದಿದ್ದರೆ ನಾಲ್ಕು ಪದರ ಒಂದರ ಮೇಲೊಂದು ಬಿದ್ದು ಮೇಲಿನ ಶೀಟು ಕೂರುವುದಿಲ್ಲ. ಮಿಕ್ಕ ಎಲ್ಲ ಕಡೆ ಕತ್ತರಿಸಿದ್ದರು, ಅದೊಂದು ಬಿಟ್ಟುಹೋಗಿತ್ತು. ಮಳೆ ಬಿಟ್ಟ ಹೊತ್ತಿನಲ್ಲಿ ಶೀಟಿನ ಮೇಲೆ ಹಲಗೆ ಹಾಸಿ, ಎರಡು ಬೋಲ್ಟ್ ಸಡಿಲಿಸಿ, ಕೈಗರಗಸದಲ್ಲಿ ಮೂಲೆ ತೆಗೆದು ಕೂರಿಸಿದೆವು. ಆಗಸ್ಟಿನಲ್ಲಿ ಫೋನ್ ಮಾಡಿ ಕೇಳಿದಾಗ ಆ ಗೆರೆ ಒಣಗಿದೆ ಎಂದರು.