ಔಷಧಿ ಮೊದಲ ದಿನದಿಂದಲೇ, ರೊಕ್ಕಕ್ಕೆ ಒಂಬತ್ತು ತಿಂಗಳು

ಪುಣೆಯ ಭೋಸರಿಯಲ್ಲಿ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಪಗಾರ ಪಟ್ಟಿ ನಾನೇ ನೋಡಿಕೊಳ್ಳುತ್ತೇನೆ. ಇಂಡಿ ಕಡೆಯ ಹುಡುಗನೊಬ್ಬ ಅಲ್ಲಿ ಜುಲೈ 10ಕ್ಕೆ ಕೆಲಸಕ್ಕೆ ಸೇರಿದ್ದ. ನವೆಂಬರ್‌ನಲ್ಲಿ ಡೆಂಗ್ಯೂ ಬಂದು ಹನ್ನೆರಡು ದಿನ ಮಲಗಿದ. ಆಮೇಲೆ ಡಾಕ್ಟರ ಚೀಟಿ ಹಿಡಿದು ನನ್ನ ಹತ್ತಿರ ಬಂದ. "ತಿಂಗಳಾ ತಿಂಗಳಾ ಇಎಸ್‌ಐ ಅಂತ ರೊಕ್ಕ ಹಿಡೀತಾರ್ರೀ ಸರ, ಈಗ ಕೊಡಂಗಿಲ್ಲ ಅಂತಾರಲ್ರೀ!"

ಅವನ ಸಂಬಳ 18,000. ಇಎಸ್‌ಐ ಅಂದರೆ ಕಾರ್ಮಿಕರ ಸರ್ಕಾರಿ ವಿಮೆ. ಅದಕ್ಕೆ ಸೇರಲು ಸಂಬಳದ ಮಿತಿ ತಿಂಗಳಿಗೆ 21,000, ಅಂಗವಿಕಲರಿಗೆ 25,000. ಹತ್ತು ಜನ ದುಡಿಯುವ ಕಾರ್ಖಾನೆಯಾದರೆ ಸಾಕು, ಮಾಲೀಕರು ನೋಂದಾಯಿಸಲೇಬೇಕು. ಹುಡುಗನ ಸಂಬಳದಿಂದ ಶೇಕಡಾ 0.75, ಅಂದರೆ 135 ರೂಪಾಯಿ ಕಟ್ ಆಗುತ್ತದೆ. ಮಾಲೀಕರು ಶೇಕಡಾ 3.25, ಅಂದರೆ 585 ರೂಪಾಯಿ ತಮ್ಮ ಕೈಯಿಂದ ಸೇರಿಸಬೇಕು. ಇದನ್ನೂ ಕೆಲಸಗಾರನ ಸಂಬಳದಲ್ಲೇ ಮುರಿಯುವವರಿದ್ದಾರೆ. ಅದು ತಪ್ಪು, ಪಗಾರ ಚೀಟಿ ನೋಡಿದರೆ ಗೊತ್ತಾಗುತ್ತದೆ.

ಹುಡುಗನಿಗೆ ಅನ್ಯಾಯವಾಗಿತ್ತಾ? ಇಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಸೇರಿದ ದಿನದಿಂದಲೇ ಅವನಿಗೂ ಹೆಂಡತಿ ಮಕ್ಕಳಿಗೂ ಇಎಸ್‌ಐ ದವಾಖಾನೆಯಲ್ಲಿ ಚಿಕಿತ್ಸೆ, ಔಷಧಿ ಸಿಗುತ್ತದೆ. ಮನೆಯವರ ಹೆಸರು ನೋಂದಣಿಯಲ್ಲಿ ಇರಬೇಕು. ಆದರೆ ಕಾಯಿಲೆ ರಜೆಯ ದಿನಗಳಿಗೆ ಸಿಗುವ ರೊಕ್ಕದ ಲೆಕ್ಕ ಬೇರೆ. ಮೊದಲ ಸಲ ಇಎಸ್‌ಐಗೆ ಸೇರಿದವರಿಗೆ ಅದು ಶುರುವಾಗುವುದು ಒಂಬತ್ತು ತಿಂಗಳ ಮೇಲೆ. ಇವನಿಗೆ ಏಪ್ರಿಲ್ 10ರಿಂದ.

ಹಳಬನಾಗಿದ್ದರೆ ಎಷ್ಟು ಸಿಗುತ್ತಿತ್ತು? ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಆರು ತಿಂಗಳಲ್ಲಿ 78 ದಿನದ ವಂತಿಗೆ ಕಟ್ಟಿದ್ದರೆ, ಮುಂದಿನ ಜುಲೈನಿಂದ ಡಿಸೆಂಬರ್‌ವರೆಗೆ ಹಕ್ಕು ಇರುತ್ತದೆ. ಅವನ ದಿನದ ಸರಾಸರಿ 600 ಎಂದಿಟ್ಟುಕೊಳ್ಳಿ. ಅದರ ಶೇಕಡಾ 70, ಅಂದರೆ ದಿನಕ್ಕೆ 420. ಮೊದಲ ಎರಡು ದಿನ ಬಿಟ್ಟು ಹತ್ತು ದಿನಕ್ಕೆ 4,200 ರೂಪಾಯಿ. ವರ್ಷಕ್ಕೆ ಹೆಚ್ಚೆಂದರೆ 91 ದಿನ. ಕ್ಷಯದಂಥ ದೀರ್ಘ ಕಾಯಿಲೆಗಳಿಗೆ ಇದಕ್ಕಿಂತ ಜಾಸ್ತಿ ದಿನ, ಶೇಕಡಾ 80ರ ದರದಲ್ಲಿ ಕೊಡುತ್ತಾರೆ.

ಅವನ ಕೈಯಲ್ಲಿದ್ದ ಚೀಟಿ ಮಾತ್ರ ನನಗೆ ಬೇಸರ ತರಿಸಿತು. ಅದು ಓಣಿಯ ಖಾಸಗಿ ಡಾಕ್ಟರದ್ದು. ಏಪ್ರಿಲ್ ದಾಟಿದ ಮೇಲೂ ಇಂಥ ಚೀಟಿ ನಂಬಿ ಕೂತರೆ ಕೈಗೆ ರೊಕ್ಕ ಬರುವುದು ಕಷ್ಟ. ಜ್ವರ ಬಂದ ದಿನವೇ ಇಎಸ್‌ಐ ಡಾಕ್ಟರ ಹತ್ತಿರ ಹೋಗಿ ಅವರಿಂದಲೇ ಸರ್ಟಿಫಿಕೇಟ್ ತಗೋಬೇಕು. ಗುಣವಾಗಿ ಕೆಲಸಕ್ಕೆ ಮರಳುವಾಗ ಕೊನೆಯ ಸರ್ಟಿಫಿಕೇಟನ್ನೂ ಬಿಡಬಾರದು.

ಅವನ ಜೊತೆಗೇ ಸೇರಿದ ಇನ್ನೊಬ್ಬನ ಬೆರಳು ಎರಡನೇ ತಿಂಗಳಲ್ಲೇ ಪ್ರೆಸ್ ಮಷೀನಿಗೆ ಸಿಕ್ಕಿತ್ತು. ಅವನಿಗೆ ರೊಕ್ಕ ಬಂತು. ಕೆಲಸದಲ್ಲಿ ಗಾಯವಾದರೆ ಒಂಬತ್ತು ತಿಂಗಳೂ ಇಲ್ಲ, 78 ದಿನವೂ ಇಲ್ಲ. ಅಪಘಾತದ ದಿನ ಬಿಟ್ಟು ಕನಿಷ್ಠ ಮೂರು ದಿನ ಕೆಲಸ ಮಾಡಲು ಆಗದಿದ್ದರೆ ಶೇಕಡಾ 90, ಅದೇ 600ರ ಲೆಕ್ಕದಲ್ಲಿ ದಿನಕ್ಕೆ 540. ಆದರೆ ಮೇಸ್ತ್ರಿ ಮೊದಲು, "ಸುಮ್ನೆ ಖಾಸಗಿಯಲ್ಲಿ ಪಟ್ಟಿ ಕಟ್ಟಿಸು, ಖರ್ಚು ನಾವು ಕೊಡ್ತೀವಿ" ಅಂದಿದ್ದನಂತೆ. ಹುಡುಗ ಒಪ್ಪಲಿಲ್ಲ. ಅವತ್ತೇ ಅಪಘಾತದ ರಿಜಿಸ್ಟರಿನಲ್ಲಿ ಬರೆಸಿದ, ಇನ್ನೊಂದು ಕೈಯಿಂದ ಅದರ ಫೋಟೋ ಹೊಡ್ಕೊಂಡೇ ಆಸ್ಪತ್ರೆಗೆ ಹೋದ.